ಜಡ್ಜ್ ಆಗಿ ಕರೆಯುವ ಪತ್ರದಲ್ಲಿ ಎಂತ ಬರೆಯಬೇಕು?

ಕೇಳಿದವರು: ಬಿಸಿಎ ವಿದ್ಯಾರ್ಥಿನಿ, ಉಡುಪಿ
ನಮ್ಮ ಕಾಲೇಜಿನ ಬಿಸಿಎ ಅಸೋಸಿಯೇಷನ್‌ಗೆ ನಾನು ಕಾರ್ಯದರ್ಶಿ. ಅಂತರ ಕಾಲೇಜು ಫೆಸ್ಟ್‌ನ ಪ್ರಾಡಕ್ಟ್ ಲಾಂಚ್ ಸ್ಪರ್ಧೆಗೆ ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್ ಒಬ್ಬರನ್ನು ಕರೆಯುತ್ತಿದ್ದೇವೆ. "ಲೆಟರ್ ಕಳಿಸಿ, ನೋಡುತ್ತೇನೆ" ಅಂದಿದ್ದಾರೆ. ಹಳೆಯ ಫೈಲಿನಲ್ಲಿ ಇರುವುದು ಮುಖ್ಯ ಅತಿಥಿಗೆ ಬರೆದ ಪತ್ರ ಮಾತ್ರ. ಜಡ್ಜ್‌ಗೆ ಬೇರೆ ಎಂತ ಬರೆಯಬೇಕು?

ಐಟಿ ಉದ್ಯೋಗಿ, ಮಂಗಳೂರು
ನಾನು ಹಲವು ಫೆಸ್ಟ್‌ಗಳಿಗೆ ಜಡ್ಜ್ ಆಗಿ ಹೋಗಿದ್ದೇನೆ. ಪತ್ರ ಬಂದ ಕೂಡಲೇ ನಾನು ಹುಡುಕುವುದು ಎಷ್ಟು ಗಂಟೆಗೆ ಬಿಡುತ್ತೀರಿ ಎನ್ನುವುದನ್ನು. ಮುಖ್ಯ ಅತಿಥಿ ಭಾಷಣ ಮುಗಿಸಿ ಹೊರಡಬಹುದು. ಜಡ್ಜ್ ಕೊನೆಯ ತಂಡದವರೆಗೂ ಕೂರಲೇಬೇಕು.

ಒಮ್ಮೆ ಉಡುಪಿಯ ಒಂದು ಕಾಲೇಜಿನ ಪತ್ರದಲ್ಲಿ "10ರಿಂದ 12" ಅಂತ ಇತ್ತು. ಹೋಗಿ ನೋಡಿದರೆ 14 ತಂಡ. ಒಂದೊಂದಕ್ಕೆ 8 ನಿಮಿಷ ಪ್ರಸ್ತುತಿ, 3 ನಿಮಿಷ ನಮ್ಮ ಪ್ರಶ್ನೆ, ಲ್ಯಾಪ್‌ಟಾಪ್ ಪ್ರೊಜೆಕ್ಟರ್‌ಗೆ ಸಿಕ್ಕಿಸಲು 2 ನಿಮಿಷ. 13 ನಿಮಿಷದಂತೆ 14 ತಂಡಕ್ಕೆ 182 ನಿಮಿಷ, ಅಂದರೆ 3 ಗಂಟೆ ದಾಟಿತು. ಉದ್ಘಾಟನೆ ಎಳೆದು ಸ್ಪರ್ಧೆ ಶುರುವಾದದ್ದೇ 10.40ಕ್ಕೆ. ನನಗೆ 2.30ಕ್ಕೆ ಮಂಗಳೂರಿನಲ್ಲಿ ಮೀಟಿಂಗ್ ಇತ್ತು. ಹೆದ್ದಾರಿಯಲ್ಲಿ ಕೂಳೂರು, ಕೊಟ್ಟಾರ ಚೌಕಿ ದಾಟುವ ಹೊತ್ತನ್ನು ಮೊದಲೇ ಹೇಳಲಿಕ್ಕಾಗುವುದಿಲ್ಲ. 1 ಗಂಟೆಗೆ, 11ನೇ ತಂಡ ಮುಗಿದ ಕೂಡಲೇ ಎದ್ದೆ. ಉಳಿದ 3 ತಂಡಗಳಿಗೆ ಇನ್ನೊಬ್ಬ ಜಡ್ಜ್ ಮಾತ್ರ ಅಂಕ ಕೊಟ್ಟರು. ಅವರು ಕೈ ಬಿಗಿ ಮಾಡಿ ಅಂಕ ಕೊಡುವವರು. ಆ ಮಕ್ಕಳು ಅನ್ಯಾಯ ಅಂದದ್ದು ಸರಿಯೇ ಇತ್ತು, ನನಗೆ ಈಗಲೂ ಬೇಸರ ಉಂಟು.

ಹಾಗಾಗಿ ತಂಗಿ, ಮೊದಲು ಈ ಲೆಕ್ಕ ಹಾಕು. ಬಂದ ಸಂಖ್ಯೆಯ ಮೇಲೆ ಅರ್ಧ ಗಂಟೆ ಸೇರಿಸಿ, ಆ ಸಮಯವನ್ನೇ ಪತ್ರದಲ್ಲಿ ಬರೆ.

ಹಳೆಯ ವಿದ್ಯಾರ್ಥಿ ನಾಯಕ, ಸುರತ್ಕಲ್
ಇಷ್ಟೆಲ್ಲ ಬೇಡ ಮಾರಾಯ್ರೇ. ಕಾಲೇಜಿನ ಲೆಟರ್‌ಹೆಡ್, ಪ್ರಾಂಶುಪಾಲರ ಸಹಿ, ಸೀಲ್ ಇದ್ದರೆ ಸಾಕು. ಉಳಿದದ್ದನ್ನು ಫೋನಿನಲ್ಲಿ ಹೇಳಿದರಾಯಿತು. ದುಡ್ಡಿನ ವಿಷಯ ಮಾತ್ರ ಬರೆಯಬೇಡಿ, ದೊಡ್ಡವರಿಗೆ ಅವಮಾನ ಆಗುತ್ತದೆ.

ಉಪನ್ಯಾಸಕಿ, ಮಂಗಳೂರು
ಲೆಟರ್‌ಹೆಡ್, ಸಹಿಯ ಮಾತು ಸರಿ. ಆದರೆ ಫೋನಿನಲ್ಲಿ ಹೇಳಿದ್ದನ್ನು ಅವರು ತಮ್ಮ ಮೇಲಧಿಕಾರಿಗೆ ತೋರಿಸಲಿಕ್ಕಾಗುವುದಿಲ್ಲ. ಕೆಲಸದ ದಿನ ಬರುವವರಿಗೆ ಈ ಪತ್ರವೇ ಅನುಮತಿ ಕೇಳುವ ಕಾಗದ. ನಾನು ಮಕ್ಕಳಿಂದ ಹೀಗೆ ಬರೆಸುತ್ತೇನೆ:

"ಪ್ರಾಡಕ್ಟ್ ಲಾಂಚ್ ಸ್ಪರ್ಧೆಗೆ ಇಬ್ಬರು ತೀರ್ಪುಗಾರರಲ್ಲಿ ಒಬ್ಬರಾಗಿ ತಮ್ಮನ್ನು ಆಹ್ವಾನಿಸುತ್ತಿದ್ದೇವೆ. ಒಂದೇ ಸುತ್ತು, 14 ತಂಡಗಳು. ದಯವಿಟ್ಟು 9.45ಕ್ಕೆ ತಲುಪಬೇಕು, 1.30ರ ಒಳಗೆ ಅಂಕಪಟ್ಟಿ ತಮ್ಮ ಕೈಯಿಂದ ಪಡೆಯುತ್ತೇವೆ. ತಂಡಗಳಿಗೆ ಸಂಖ್ಯೆ ಮಾತ್ರ ಇರುತ್ತದೆ, ಕಾಲೇಜಿನ ಹೆಸರು ತಿಳಿಸುವುದಿಲ್ಲ. ಭಾಗವಹಿಸುವವರಲ್ಲಿ ತಮ್ಮ ಬಂಧುಗಳಿದ್ದರೆ ಮೊದಲೇ ತಿಳಿಸಲು ಕೋರುತ್ತೇವೆ. ಹೋಗಿಬರಲು ವಾಹನದ ವ್ಯವಸ್ಥೆ ಇದೆ."

ಬಂಧುಗಳ ವಾಕ್ಯವನ್ನು ಸೇರಿಸಿದ್ದು ಒಂದು ಪೆಟ್ಟು ತಿಂದ ಮೇಲೆ. ಒಂದು ವರ್ಷ ಗೆದ್ದ ತಂಡದಲ್ಲಿ ಜಡ್ಜ್‌ನ ಅಣ್ಣನ ಮಗಳಿದ್ದಳು. ಅವರು ನ್ಯಾಯವಾಗಿಯೇ ಅಂಕ ಕೊಟ್ಟಿದ್ದರು, ಆದರೂ ಬಹುಮಾನ ವಿತರಣೆಯ ಹೊತ್ತಿಗೆ ಗಲಾಟೆ ಆಯಿತು.

ಅಂಕ ಕೊಡುವ ಮಾನದಂಡದ ಹಾಳೆಯನ್ನು ಪತ್ರದ ಜೊತೆಗೇ ಕಳಿಸಿ. ಹೊಸತನಕ್ಕೆ ಎಷ್ಟು, ಮಾರುಕಟ್ಟೆಯ ಅರಿವಿಗೆ ಎಷ್ಟು, ಪ್ರಶ್ನೋತ್ತರಕ್ಕೆ ಎಷ್ಟು ಅಂತ ಮನೆಯಲ್ಲೇ ಓದಿ ಬಂದವರು ಮೊದಲ ತಂಡಕ್ಕೂ ಕೊನೆಯ ತಂಡಕ್ಕೂ ಒಂದೇ ಅಳತೆ ಹಿಡಿಯುತ್ತಾರೆ.

ಜವಳಿ ವ್ಯಾಪಾರಿ, ಕುಂದಾಪುರ
ಅಂಗಡಿಯವರನ್ನು ದುಡ್ಡು ಕೇಳುವ ಪತ್ರ ಚಿಕ್ಕದಾಗಿರಲಿ. ಬ್ಯಾನರಿನಲ್ಲಿ ಹೆಸರು ಎಲ್ಲಿ ಬರುತ್ತದೆ ಅಂತ ಬರೆದರೆ ಸಾಕು.

ಬಿಸಿಎ ವಿದ್ಯಾರ್ಥಿನಿ, ಉಡುಪಿ
ಅಣ್ಣ, ನಾವು ಕೇಳಿದ್ದು ಪ್ರಾಯೋಜಕತ್ವದ ಪತ್ರ ಅಲ್ಲ, ಜಡ್ಜ್‌ಗೆ ಕಳಿಸುವುದು.

ಜವಳಿ ವ್ಯಾಪಾರಿ, ಕುಂದಾಪುರ
ಹಾಗಾ? ಆದರೂ ಒಂದು ಮಾತು. ನನಗೆ ಒಮ್ಮೆ ಫ್ಯಾಷನ್ ಶೋಗೆ ಜಡ್ಜ್ ಆಗಿ ಬನ್ನಿ ಅಂತ ಬರೆದು, ಕೆಳಗೆ ಪ್ರಾಯೋಜಕರೂ ಆಗಿ ಅಂತ ಸೇರಿಸಿದ್ದರು. ದುಡ್ಡು ಕೊಟ್ಟು ಜಡ್ಜ್ ಸೀಟಿನಲ್ಲಿ ಕೂತ ಹಾಗೆ ಕಾಣುತ್ತದೆ ಅಂತ ನಾನು ಹೋಗಲಿಲ್ಲ.

ಐಟಿ ಉದ್ಯೋಗಿ, ಮಂಗಳೂರು
ಅದು ಬಹಳ ಸರಿ. ಗೌರವಧನದ ವಿಷಯ ಪತ್ರದಲ್ಲಿ ಬೇಡ ಅಂತ ಸುರತ್ಕಲ್‌ನವರು ಅಂದದ್ದನ್ನು ನಾನೂ ಒಪ್ಪುತ್ತೇನೆ, ಆದರೆ ನನ್ನ ಕಾರಣ ಬೇರೆ. ಹೊರಗಿನವರಿಂದ ಹಣ ಪಡೆಯಲು ನಮ್ಮ ಕಂಪನಿ ಬಿಡುವುದಿಲ್ಲ. ಅದು ಪತ್ರದಲ್ಲಿದ್ದರೆ ನನಗೆ ಅನುಮತಿಯೇ ಸಿಗಲಿಕ್ಕಿಲ್ಲ.

ಉಪನ್ಯಾಸಕಿ, ಮಂಗಳೂರು
ಸ್ವಂತ ಉದ್ಯೋಗ ಮಾಡುವವರು ಅರ್ಧ ದಿನದ ದುಡಿಮೆ ಬಿಟ್ಟು ಬರುತ್ತಾರೆ ಸರ್. ಅವರಿಗೆ ಬರೆಯದೆ ಇರುವುದು ನನಗೆ ಸರಿ ಕಾಣುವುದಿಲ್ಲ.

ಬಿಸಿಎ ವಿದ್ಯಾರ್ಥಿನಿ, ಉಡುಪಿ
ಲೆಕ್ಕ ಹಾಕಿದೆ. ನಮ್ಮದು 16 ತಂಡ, ಇದೇ ಅಳತೆಗೆ 208 ನಿಮಿಷ. ನಾವು ಇಟ್ಟದ್ದು 2 ಗಂಟೆ! ಪ್ರಸ್ತುತಿಯನ್ನು 5 ನಿಮಿಷಕ್ಕೆ ಇಳಿಸಿದರೂ 160 ಆಗುತ್ತದೆ. ನಾಳೆ ನಮ್ಮ ಸಂಯೋಜಕಿ ಮೇಡಂ ಹತ್ತಿರ ಮಾತಾಡಿ, ಸಮಯ ಬದಲಿಸಿದ ಮೇಲೆಯೇ ಪತ್ರ ಕಳಿಸುತ್ತೇನೆ. ಗೌರವಧನ ಬರೆಯುವುದಾ ಬೇಡವಾ ಅಂತ ನಾವು ಕರೆಯುತ್ತಿರುವ ಮ್ಯಾನೇಜರ್ ಸರ್ ಹತ್ತಿರವೇ ಕೇಳುತ್ತೇನೆ.