ಒಂದೇ ಕಪ್ಪು ಮಣ್ಣು, ಎರಡು ಶ್ರಿಂಕೇಜ್ ಲಿಮಿಟ್: ಯಾವುದನ್ನು ನಂಬುವುದು?

ಸಿವಿಲ್ ವಿದ್ಯಾರ್ಥಿನಿ, ಗದಗ: ಶ್ರಿಂಕೇಜ್ ಲಿಮಿಟ್, ಅಂದರೆ ಒಣಗುತ್ತಿರುವ ಮಣ್ಣು ಕುಗ್ಗುವುದನ್ನು ನಿಲ್ಲಿಸುವ ಹಂತದ ನೀರಿನಂಶ, ಎರಡು ಸಲ ಅಳೆದೆ. ಒಂದೇ ಎರೆಮಣ್ಣು, ಅದೇ ಬಟ್ಟಲು (23.8 ಘನ ಸೆಂ.ಮೀ.). ಮೊದಲ ಸಲ ಹಸಿ ತೂಕ 37.1 ಗ್ರಾಂ, ಒಣ ತೂಕ 21.2, ಪಾದರಸದಲ್ಲಿ ಒಣ ಬಿಲ್ಲೆಯ ಗಾತ್ರ 10.4, ಲಿಮಿಟ್ 11.8%. ಎರಡನೆಯ ಸಲ 35.4, 20.2, 9.9, ಲಿಮಿಟ್ 6.4%. ಎಲ್ಲಿ ಎಡವಿದೆ?

ಸೈಟ್ ಎಂಜಿನಿಯರ್: ಹಸಿ ಬಿಲ್ಲೆಯನ್ನು ನೇರವಾಗಿ ಓವನ್‌ಗೆ ಇಟ್ಟಿರುತ್ತೀರಿ. ಬಿರುಕು ಬಿಟ್ಟರೆ ಗಾತ್ರ ತಪ್ಪುತ್ತದೆ. ಬಣ್ಣ ತಿಳಿಯಾಗುವ ತನಕ ನೆರಳಲ್ಲಿ ಒಣಗಲಿ, ಆಮೇಲೆ ಓವನ್.

ಮಣ್ಣು ಪ್ರಯೋಗಾಲಯದ ನಿವೃತ್ತ ತಂತ್ರಜ್ಞ: ಸಲಹೆ ಒಳ್ಳೆಯದೇ, ಆದರೆ ಇಲ್ಲಿ ರೋಗ ಬೇರೆ. ಒಣ ತೂಕವನ್ನು ಒಣ ಗಾತ್ರದಿಂದ ಭಾಗಿಸಿ ನೋಡಿ: ಎರಡೂ ಸಲ 2.04. ಅದೇ ಶ್ರಿಂಕೇಜ್ ರೇಶಿಯೊ. ಒಣ ಬಿಲ್ಲೆಗಳು ಒಂದಕ್ಕೊಂದು ಹೊಂದುತ್ತಿರುವಾಗ ಓವನ್, ಪಾದರಸಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ತಪ್ಪು ಹಸಿ ಹಂತದಲ್ಲಿದೆ.

ಬಟ್ಟಲಿನ ಗಾತ್ರದಿಂದ ನೀರನ್ನು ಕಳೆಯಿರಿ. ಮೊದಲ ಸಲ 23.8ರಲ್ಲಿ 15.9 ಹೋಗಿ 7.9 ಉಳಿಯುತ್ತದೆ. ಅಷ್ಟು ಜಾಗದಲ್ಲಿ 21.2 ಗ್ರಾಂ ಮಣ್ಣು, ಅಂದರೆ ಕಣಗಳ ಸಾಂದ್ರತೆ ಸುಮಾರು 2.68, ಜೇಡಿಗೆ ಒಪ್ಪುವ ಅಂಕಿ. ಎರಡನೆಯ ಸಲ ಉಳಿದದ್ದು 8.6, ಮಣ್ಣು 20.2, ಸಾಂದ್ರತೆ 2.35. ಅದೇ ಮಣ್ಣು ಹೀಗೆ ಹಗುರವಾಗಲು ಸಾಧ್ಯವಿಲ್ಲ. ಒಂದು ಘನ ಸೆಂ.ಮೀ.ಗೂ ಮಿಕ್ಕಿದ ಗಾಳಿ ಒಳಗಿತ್ತು, ಇಲ್ಲವೇ ಬಟ್ಟಲು ಅಂಚಿನವರೆಗೆ ತುಂಬಿರಲಿಲ್ಲ. ಆ ಖಾಲಿ ಜಾಗವನ್ನೂ ನೀವು ಕುಗ್ಗುವಿಕೆಯ ಲೆಕ್ಕಕ್ಕೆ ಸೇರಿಸಿದಿರಿ, ಲಿಮಿಟ್ ಕುಸಿಯಿತು.

425 ಮೈಕ್ರಾನ್ ಜರಡಿ ದಾಟಿದ ಮಣ್ಣನ್ನು ಭಟ್ಟಿ ಇಳಿಸಿದ ನೀರಲ್ಲಿ ಕಲಸಿ ರಾತ್ರಿಯಿಡೀ ನೆನೆಯಲು ಬಿಡಿ. ಬಟ್ಟಲಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ಸವರಿದ ಮೇಲೆಯೇ ಅದರ ತೂಕ ಬರೆದುಕೊಳ್ಳಿ. ಮೂರು ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ಬಟ್ಟಲನ್ನು ಮೆತ್ತನೆಯ ಕಾಗದದ ಮೇಲೆ ತಟ್ಟಿ. ಎರೆಮಣ್ಣು ಅಂಟು ಹೆಚ್ಚು. ಗುಳ್ಳೆ ಸುಲಭವಾಗಿ ಬಿಡುವುದಿಲ್ಲ.

ಸೈಟ್ ಎಂಜಿನಿಯರ್: ಹಾಗಾದರೆ ಸಾಂದ್ರತೆ ಸರಿಬಂದರೆ ಇಡೀ ಪರೀಕ್ಷೆ ಸರಿ.

ನಿವೃತ್ತ ತಂತ್ರಜ್ಞ: ಇಲ್ಲ. ಆ ಲೆಕ್ಕದಲ್ಲಿ ಒಣ ಗಾತ್ರ ಬರುವುದೇ ಇಲ್ಲ. ಪಾದರಸದಲ್ಲಿ ತಪ್ಪಿದ್ದರೆ ಅದು ಹಿಡಿಯದು. ಅದಕ್ಕೆ ಎರಡು ಬಿಲ್ಲೆಗಳ ರೇಶಿಯೊ ಹೋಲಿಕೆಯೇ ಬೇಕು.

ಮನೆ ಕಟ್ಟುವವರು, ಹುಬ್ಬಳ್ಳಿ: ನಮ್ಮ ನಿವೇಶನವೂ ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಈ ಅಂಕಿ ಹೆಚ್ಚಿದ್ದರೆ ಅಡಿಪಾಯಕ್ಕೆ ಭಯವಿಲ್ಲವೇ?

ನಿವೃತ್ತ ತಂತ್ರಜ್ಞ: ಇದೊಂದನ್ನೇ ನೆಚ್ಚಬೇಡಿ. ಕಣಗಳು ಎಷ್ಟು ಒತ್ತಾಗಿ ಕೂರುತ್ತವೆ ಎಂಬುದೇ ಈ ಮಿತಿಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂದು ಮಣ್ಣಿನ ಸಂಶೋಧಕರಾದ ಎ. ಶ್ರೀಧರನ್ ಮತ್ತು ಕೆ. ಪ್ರಕಾಶ್ ತೋರಿಸಿದ್ದಾರೆ. ಉಬ್ಬುವಿಕೆಯ ಪರೀಕ್ಷೆಯನ್ನೂ ಮಾಡಿಸಿ.

ಉಪನ್ಯಾಸಕಿ: ನಮ್ಮಲ್ಲಿ ಪಾದರಸ ನಿಲ್ಲಿಸಿ ಬಿಲ್ಲೆಗೆ ಮೇಣ ಹಚ್ಚಿ ನೀರಲ್ಲಿ ತೂಗುತ್ತೇವೆ. ಆವಿ ಕುಡಿಯುವ ಗೋಳಿಲ್ಲ.

ನಿವೃತ್ತ ತಂತ್ರಜ್ಞ: ಆರೋಗ್ಯಕ್ಕೆ ಅದೇ ಸರಿ. ಆದರೆ ಮೇಣದಡಿ ಗಾಳಿ ಸಿಕ್ಕಿಕೊಂಡರೆ ಗಾತ್ರ ಹೆಚ್ಚುತ್ತದೆ, ಲಿಮಿಟ್ ಮೇಲೇರುತ್ತದೆ.

ಉಪನ್ಯಾಸಕಿ: ಅದು ಮೇಣದ ತಪ್ಪಲ್ಲ, ಅದ್ದುವ ಕೈಯ ತಪ್ಪು.