x = −0.1 ರಲ್ಲಿ ಭಾಗಲಬ್ಧ ಸೂತ್ರಕ್ಕೂ ಟೇಲರ್ ಬಹುಪದೋಕ್ತಿಗೂ ವ್ಯತ್ಯಾಸವೇ ಕಾಣುತ್ತಿಲ್ಲ

ಜೋಳದ_ಗೋದಾಮು (ದಾವಣಗೆರೆ):
ಮೆಕ್ಕೆಜೋಳದ ಗೋದಾಮಿನ ಉಷ್ಣಾಂಶದ ಅಳತೆಗಳಲ್ಲಿ ಬರುವ ಏರಿಳಿತವನ್ನು ನಯಗೊಳಿಸಲು ನನಗೆ e^x ಬೇಕು. ಸಾಮಾನ್ಯವಾಗಿ ಸೆಕೆಂಡಿಗೊಂದು ಅಳತೆ ಬರುತ್ತದೆ, ಕಾಲಾಂಕ 10 ಸೆಕೆಂಡು; ಆದ್ದರಿಂದ x = −0.1.

```
double p = 1 + x*(1 + x*(0.5 + x*(1.0/6 + x/24)));
double r = (12 + 6*x + x*x) / (12 - 6*x + x*x);
```

ಎರಡೂ x ನ ನಾಲ್ಕನೆಯ ಘಾತದವರೆಗೆ e^x ನ ಸರಣಿಗೆ ಹೊಂದುತ್ತವೆ, ಆದರೂ ಸೊನ್ನೆಯ ಬಳಿ r ನ ದೋಷವು p ಯ ದೋಷದ ಸುಮಾರು ಆರನೆಯ ಒಂದು ಪಾಲು ಎಂದು ಓದಿದ್ದೇನೆ. `exp(x)` ಜೊತೆ ಹೋಲಿಸಿದರೆ ಏಳನೆಯ ದಶಮಾಂಶ ಮಾತ್ರ ಅಲ್ಲಾಡುತ್ತದೆ. x ಅನ್ನು ಇನ್ನೂ ಚಿಕ್ಕದು ಮಾಡಿದರೆ ಕೆಲವೆಡೆ p ಯೇ ಹತ್ತಿರ ಬರುತ್ತದೆ. ಮೂರು ಸಂಜೆ ಇದರಲ್ಲೇ ಕಳೆದಿದ್ದೇನೆ, ತಪ್ಪು ಸಿಗುತ್ತಿಲ್ಲ.

ಸಿ_ಅಭ್ಯಾಸಿ:
ಇದು ಪೂರ್ಣಾಂಕ ಭಾಗಾಕಾರದ ತೊಂದರೆ. 12, 6, 24 ಎಲ್ಲವನ್ನೂ 12.0, 6.0, 24.0 ಎಂದು ಬರೆಯಿರಿ.

ಜೋಳದ_ಗೋದಾಮು:
ಬರೆದು ನೋಡಿದೆ, ಒಂದು ಅಂಕಿಯೂ ಬದಲಾಗಲಿಲ್ಲ.

ಸಿ_ಅಭ್ಯಾಸಿ:
ಹಾಗಾದರೆ ಎಲ್ಲೋ ಒಂದು ಕಡೆ ಉಳಿದಿದೆ. ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಇದೇ ಕಾರಣ.

ನಿವೃತ್ತ_ಉಪನ್ಯಾಸಕ (ಚಿತ್ರದುರ್ಗ):
ಪೂರ್ಣಾಂಕದ ಮಾತನ್ನು ಇಲ್ಲಿಗೆ ಬಿಡೋಣ. 1/6 ಎಂದು ಬರೆದಿದ್ದರೆ ಅದು ಸೊನ್ನೆಯಾಗುತ್ತಿತ್ತು ನಿಜ, ಆದರೆ ಇವರು 1.0/6 ಎಂದೇ ಬರೆದಿದ್ದಾರೆ. ಉಳಿದ ಕಡೆ x ದಶಮಾಂಶ ಸಂಖ್ಯೆಯಾದ್ದರಿಂದ ಪೂರ್ಣಾಂಕಗಳು ತಾವಾಗಿಯೇ ಬದಲಾಗುತ್ತವೆ. ನನಗೆ ತಿಳಿಯಬೇಕಾದದ್ದು ಬೇರೆ: ಇದನ್ನು ಯಾವ ಬೋರ್ಡಿನ ಮೇಲೆ ಓಡಿಸುತ್ತಿದ್ದೀರಿ?

ಜೋಳದ_ಗೋದಾಮು:
ಅರ್ಡುಯಿನೊ ಯುನೊ, ಸರ್. `double` ಎಂದು ಬರೆದಿರುವುದರಿಂದ ಅದನ್ನು ಹೇಳುವ ಅಗತ್ಯವಿದೆ ಎನಿಸಲಿಲ್ಲ.

ನಿವೃತ್ತ_ಉಪನ್ಯಾಸಕ:
ವಿಷಯವೆಲ್ಲ ಅಲ್ಲೇ ಇದೆ. ಯುನೊದಲ್ಲಿ `double` ಕೂಡ `float` ನಂತೆ ನಾಲ್ಕೇ ಬೈಟು. 0.5 ಮತ್ತು 1 ರ ನಡುವೆ ಅದು ಗುರುತಿಸಬಲ್ಲ ಎರಡು ಅಕ್ಕಪಕ್ಕದ ಸಂಖ್ಯೆಗಳ ಅಂತರ ಸುಮಾರು 0.00000006. x = −0.1 ರಲ್ಲಿ ಬಹುಪದೋಕ್ತಿಯ ನಿಜವಾದ ದೋಷ 0.000000082, ಭಾಗಲಬ್ಧದ್ದು 0.0000000126. ಅಂದರೆ ಮೊದಲನೆಯದು ಒಂದು ಹೆಜ್ಜೆಗಿಂತ ಸ್ವಲ್ಪ ಹೆಚ್ಚು, ಎರಡನೆಯದು ಹೆಜ್ಜೆಯ ಐದನೆಯ ಒಂದು ಪಾಲು. ನೀವು ಹೋಲಿಸುತ್ತಿರುವ `exp(x)` ಕೂಡ ಅದೇ ಹೆಜ್ಜೆಗಳ ಮೇಲೆ ನಿಂತಿರುವುದರಿಂದ, ನಿಮಗೆ ಕಾಣುತ್ತಿರುವುದು ಸೂತ್ರಗಳ ದೋಷವಲ್ಲ, ದುಂಡಾಗಿಸುವಿಕೆಯ ದೋಷ.

ಪರೀಕ್ಷಿಸುವ ಬಗೆ ಸುಲಭ. x ಅನ್ನು −1 ರಿಂದ ಶುರುಮಾಡಿ ಅರ್ಧ ಅರ್ಧ ಮಾಡುತ್ತಾ ಹೋಗಿ. ಎರಡು ಸೂತ್ರಗಳ ದೋಷವೂ x ನ ಐದನೆಯ ಘಾತವನ್ನು ಅನುಸರಿಸುವುದರಿಂದ ಪ್ರತಿ ಸಲ 20 ರಿಂದ 32 ಪಟ್ಟು ಇಳಿಯಬೇಕು. ಇಳಿಯುವುದು ನಿಂತ ಜಾಗದಿಂದ ಮುಂದಿನ ಅಂಕಿಗಳನ್ನು ನಂಬಬೇಡಿ.

ಶೇಂಗಾ_ಚಳ್ಳಕೆರೆ:
ನಾನು ಶೇಂಗಾ ಒಣಗಿಸುವ ಕೋಣೆಗೆ ಇಂಥದ್ದೇ ಮಾಡಿದ್ದೇನೆ. ಅಂತರ ಸೆಕೆಂಡಿಗೊಮ್ಮೆ ಎಂದು ನಿಗದಿಯಾಗಿದ್ದರೆ 0.9048374 ಎಂದು ಒಮ್ಮೆ ಬರೆದಿಟ್ಟರೆ ಮುಗಿಯಿತು. ಎರಡು ವರ್ಷದಿಂದ ನನ್ನದು ಹಾಗೆಯೇ ನಡೆಯುತ್ತಿದೆ.

ಜೋಳದ_ಗೋದಾಮು:
ಅಣ್ಣಾ, ನನ್ನ ಅಂತರ ನಿಗದಿಯಾಗಿಲ್ಲ. ತಂತಿ ಉದ್ದವಿರುವುದರಿಂದ ಸೆನ್ಸರ್ ಕೆಲವೊಮ್ಮೆ ಹತ್ತು ಸೆಕೆಂಡು, ಅಪರೂಪಕ್ಕೆ ನಲವತ್ತು ಸೆಕೆಂಡು ಉತ್ತರಿಸುವುದಿಲ್ಲ.

ಸರ್, ನೀವು ಹೇಳಿದಂತೆ ಮಾಡಿದೆ. x = −1 ರಲ್ಲಿ `exp` 0.3678794, p 0.3750000, r 0.3684211 ಬಂದವು. ದೋಷ ಹದಿಮೂರು ಪಟ್ಟು ಕಡಿಮೆ! ಆದರೆ x = +1 ರಲ್ಲಿ ಎರಡೂವರೆ ಪಟ್ಟು ಮಾತ್ರ. ಆರು ಎಲ್ಲಿ ಹೋಯಿತು?

ನಿವೃತ್ತ_ಉಪನ್ಯಾಸಕ:
ಆರು ಎಂಬುದು x ಸೊನ್ನೆಯತ್ತ ಸಾಗಿದಾಗಿನ ಮಾತು: ದೋಷದ ಮೊದಲ ಪದ ಒಂದರಲ್ಲಿ x⁵/120, ಇನ್ನೊಂದರಲ್ಲಿ x⁵/720. ಸೊನ್ನೆಯಿಂದ ದೂರ ಸರಿದಂತೆ ಮುಂದಿನ ಪದಗಳೂ ಸೇರಿಕೊಳ್ಳುತ್ತವೆ, ಋಣ ಬದಿಯಲ್ಲಿ ಅವು ನಿಮ್ಮ ಪರವಾಗಿವೆ. +1 ಕ್ಕೆ 19/7, −1 ಕ್ಕೆ 7/19 ಬಂದಿರುವುದನ್ನೂ ಗಮನಿಸಿ. x ನ ಚಿಹ್ನೆ ಬದಲಿಸಿದರೆ ಅಂಶ ಮತ್ತು ಛೇದ ಜಾಗ ಬದಲಿಸಿಕೊಳ್ಳುತ್ತವೆ. e^x ನ ಈ ಗುಣವನ್ನು ಯಾವ ಬಹುಪದೋಕ್ತಿಯೂ ಉಳಿಸಿಕೊಳ್ಳಲಾರದು, ಪಾಡೆಯವರ ಈ ಸೂತ್ರ ನನಗೆ ಇಷ್ಟವಾಗಲು ಅದೇ ಕಾರಣ.

ಆದರೆ ನಲವತ್ತು ಸೆಕೆಂಡು ಎಂದರೆ x = −4. ಈ ಸೂತ್ರ −3.46 ರ ಬಳಿ 0.072 ಕ್ಕೆ ಇಳಿದು, ಅಲ್ಲಿಂದಾಚೆಗೆ ಮತ್ತೆ ಏರತೊಡಗುತ್ತದೆ. x −1 ಕ್ಕಿಂತ ಕೆಳಗಿದ್ದರೆ ಅರ್ಧ ಮಾಡಿ ಲೆಕ್ಕಹಾಕಿ, ಉತ್ತರವನ್ನು ವರ್ಗ ಮಾಡಿ. −4 ಕ್ಕೆ ಎರಡು ಸಲ ಹಾಗೆ ಮಾಡಬೇಕು.

ಸಿ_ಅಭ್ಯಾಸಿ:
ಪೂರ್ಣಾಂಕದ ವಿಷಯದಲ್ಲಿ ನಾನು ತಪ್ಪಿದೆ, ಒಪ್ಪುತ್ತೇನೆ. ಆದರೆ ಈ ಹೋಲಿಕೆ ಸಮವಲ್ಲ. ಯುನೊದಲ್ಲಿ ದಶಮಾಂಶ ಭಾಗಾಕಾರಕ್ಕೆ ಯಂತ್ರಾಂಶವೇ ಇಲ್ಲ, ಅದು ಗುಣಾಕಾರಕ್ಕಿಂತ ದುಬಾರಿ. ಅದರ ಬದಲು ಐದನೆಯ ಘಾತದ ಪದ ಸೇರಿಸಿದರೆ x = −0.5 ರಲ್ಲಿ ಬಹುಪದೋಕ್ತಿಯ ದೋಷ 0.0000202, ಭಾಗಲಬ್ಧದ್ದು 0.0000267.

ನಿವೃತ್ತ_ಉಪನ್ಯಾಸಕ:
ಲೆಕ್ಕ ಸರಿಯಾಗಿದೆ. ಆದರೆ −1 ರಲ್ಲಿ ನಿಮ್ಮ ಐದನೆಯ ಘಾತದ್ದು 0.00121, ಭಾಗಲಬ್ಧದ್ದು 0.00054. ಗೋದಾಮಿನವರ x ಹೆಚ್ಚಾಗಿ ಎಲ್ಲಿರುತ್ತದೆ ಎಂಬುದರ ಮೇಲೆ ತೀರ್ಮಾನ ನಿಲ್ಲುತ್ತದೆ.

ಸಿ_ಅಭ್ಯಾಸಿ:
ಅವರ x ಹೆಚ್ಚಾಗಿ −0.1 ಎಂದು ಮೊದಲ ಸಾಲಿನಲ್ಲೇ ಇದೆ. ಅಲ್ಲಿ ಐದನೆಯ ಘಾತದ್ದೂ ಭಾಗಲಬ್ಧದ್ದೂ ಹೆಜ್ಜೆಯ ಅಂತರದೊಳಗೇ ಮುಳುಗುತ್ತವೆ, ಆದ್ದರಿಂದ ಭಾಗಾಕಾರ ಬೇಡ.

ಜೋಳದ_ಗೋದಾಮು:
ಎರಡನ್ನೂ ಸಾವಿರ ಸಲ ಓಡಿಸಿ `micros()` ನಿಂದ ಸಮಯ ಅಳೆಯುತ್ತೇನೆ. ಬೋರ್ಡು ಗೋದಾಮಿನಲ್ಲೇ ಇದೆ, ಭಾನುವಾರ ಹೋದಾಗ ಅಂಕಿಗಳನ್ನು ಇಲ್ಲಿ ಹಾಕುತ್ತೇನೆ. ಅರ್ಧ ಮಾಡಿ ವರ್ಗ ಮಾಡುವುದನ್ನು ಈಗಲೇ ಸೇರಿಸಿದ್ದೇನೆ.