ಸಹಾಯ ಬೇಕು: ಎರಡು ‘ಇಲ್ಲ’ ಸೇರಿದರೆ ಯಾವಾಗಲೂ ‘ಹೌದು’ ಅಂತಲೇ?

ಕನ್ನಡ ಗದ್ಯಭಾಗದ ಪ್ರಶ್ನೆ. ವಾಕ್ಯ ಹೀಗಿದೆ: ‘ಕೆರೆ ಒತ್ತುವರಿಯಿಂದ ಪ್ರವಾಹ ಉಂಟಾಗಿಲ್ಲವೆಂದು ತಜ್ಞರಿಂದ ಹೇಳಲ್ಪಟ್ಟಿಲ್ಲ.’

ಮೊದಲು ಕರ್ಮಣಿ ಬಿಡಿಸಿದೆ. ‘ಇಂದ’ ಎರಡು ಕಡೆ ಇದೆ, ಎಡವೋದು ಇಲ್ಲೇ: ‘ಒತ್ತುವರಿಯಿಂದ’ ಕಾರಣ, ‘ತಜ್ಞರಿಂದ’ ಮಾತ್ರ ಕರ್ತೃ. ಹಾಗಾಗಿ ಕರ್ತರಿಯಲ್ಲಿ ‘ಒತ್ತುವರಿಯಿಂದ ಪ್ರವಾಹ ಉಂಟಾಗಿಲ್ಲ ಎಂದು ತಜ್ಞರು ಹೇಳಿಲ್ಲ’ ಅಂತಾಯ್ತು.

ಆಮೇಲೆ ಎರಡೂ ‘ಇಲ್ಲ’ ಹೊಡೆದುಹಾಕಿದರೆ ‘ಉಂಟಾಗಿದೆ ಎಂದು ಹೇಳಿದ್ದಾರೆ’ ಅಂತ ಬರುತ್ತೆ. ಇದು ತಪ್ಪು ಅನ್ನಿಸುತ್ತೆ, ಯಾಕಂದ್ರೆ ತಜ್ಞರು ಏನೂ ಹೇಳದೆಯೂ ಇರಬಹುದು. ಆದರೆ ‘ಒತ್ತುವರಿಯಿಲ್ಲದೆ ಪ್ರವಾಹ ಬರುತ್ತಿರಲಿಲ್ಲ’ ಎಂಬಲ್ಲಿ ‘ಒತ್ತುವರಿ ಇದ್ದದ್ದರಿಂದಲೇ ಬಂತು’ ಅಂತ ಸಲೀಸಾಗಿ ಬಿಡಿಸಬಹುದು.

ನಿಷೇಧಗಳಲ್ಲಿ ಒಂದು ‘ಎಂದು’ವಿನ ಒಳಗೆ, ಇನ್ನೊಂದು ಹೊರಗೆ ಇದ್ದರೆ ಹೊಡೆದುಹಾಕಲೇಬಾರದಾ? ಹಾಗಾದರೆ ‘ಉಂಟಾಗಿಲ್ಲವೆಂದು ಹೇಳಲಾಗದು’ ಅಂತ ಬಂದಾಗ ಉತ್ತರ ‘ಉಂಟಾಗಿದೆ’ ಅಂತಲೋ, ‘ಉಂಟಾಗಿರಬಹುದು’ ಅಂತಲೋ?